ಎಕ್ಸ್‌ಫ್ಯಾಟ್: ಬೀಗ ತೆರೆದ ಕಥೆ

64 ಜಿಬಿಯ ಒಂದೇ ಪೆನ್ ಡ್ರೈವನ್ನು ವಿಂಡೋಸ್ ಲ್ಯಾಪ್‌ಟಾಪು, ಆಂಡ್ರಾಯ್ಡ್ ಫೋನು, ಲಿನಕ್ಸ್ ಗಣಕ ಮೂರಕ್ಕೂ ಬಳಸಬೇಕು, ಯಾವ ಫೈಲ್ ಸಿಸ್ಟಮ್ ಹಾಕಲಿ ಅಂತ ಯಾರಾದರೂ ಕೇಳಿದರೆ ನಾನೀಗ ಎಕ್ಸ್‌ಫ್ಯಾಟ್ ಅನ್ನುತ್ತೇನೆ. ಹತ್ತು ವರ್ಷದ ಹಿಂದೆ ಇದೇ ಉತ್ತರವನ್ನು ಇಷ್ಟು ಧೈರ್ಯವಾಗಿ ಕೊಡುವಂತಿರಲಿಲ್ಲ. ಅದಕ್ಕೆ ಕಾರಣ ತಾಂತ್ರಿಕ ಅಂತ ಅಂದುಕೊಂಡಿದ್ದೀರಾ? ಅಲ್ಲ, ಕಾನೂನಿನದು!

ಮೊದಲು ಫ್ಯಾಟ್32 ಏಕೆ ಸಾಲದು ನೋಡೋಣ. ಇದು ಬಂದದ್ದು 1996ರಲ್ಲಿ, ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯ ಜೊತೆ. ಪ್ರತಿ ಫೈಲಿನ ಗಾತ್ರ ಬರೆದಿಡಲು ಇದರಲ್ಲಿ ಇರುವ ಜಾಗ ನಾಲ್ಕೇ ಬೈಟು. ನಾಲ್ಕು ಬೈಟಿನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 4,294,967,295. ಅಂದರೆ 4 ಜಿಬಿಗೆ ಒಂದು ಬೈಟು ಕಡಿಮೆ. ಹಾಗಾಗಿ ಮದುವೆಯ 5 ಜಿಬಿ ವಿಡಿಯೋ ಒಂದನ್ನು ಕಾಪಿ ಮಾಡಹೊರಟರೆ, ಡ್ರೈವಿನಲ್ಲಿ 50 ಜಿಬಿ ಖಾಲಿ ಇದ್ದರೂ, ಫೈಲು ತುಂಬಾ ದೊಡ್ಡದು ಅಂತ ವಿಂಡೋಸ್ ನಿರಾಕರಿಸುತ್ತದೆ. ಜಾಗ ಇಲ್ಲ ಅಂತಲ್ಲ, ಗಾತ್ರ ಬರೆದುಕೊಳ್ಳಲು ಅಂಕಿ ಸಾಲದು ಅಂತ!

ಇದಕ್ಕೆ ಪರಿಹಾರವಾಗಿ ಮೈಕ್ರೋಸಾಫ್ಟ್ 2006ರಲ್ಲಿ ಎಕ್ಸ್‌ಫ್ಯಾಟ್ ತಂದಿತು. ಇಲ್ಲಿ ಗಾತ್ರಕ್ಕೆ ಎಂಟು ಬೈಟು, ಆದ್ದರಿಂದ ಆ ಗೋಡೆ ನಮಗೆ ಸಿಗುವುದೇ ಇಲ್ಲ. 2009ರ ಜನವರಿಯಲ್ಲಿ 32 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡುಗಳಿಗೆ ಹೊಸ ಮಾನಕ ಪ್ರಕಟವಾದಾಗ ಅದರಲ್ಲಿ ನಿಗದಿಯಾದದ್ದೂ ಎಕ್ಸ್‌ಫ್ಯಾಟೇ. ಹಾಗಾಗಿ ಅಂಗಡಿಯಿಂದ ತಂದ ದೊಡ್ಡ ಕಾರ್ಡುಗಳೆಲ್ಲ ಎಕ್ಸ್‌ಫ್ಯಾಟ್ ಆಗಿಯೇ ಬರತೊಡಗಿದವು. ಆದರೆ ಅದರ ಒಳವಿವರ ಗುಟ್ಟಾಗಿತ್ತು, ಮೇಲೆ ಪೇಟೆಂಟಿನ ಕಾವಲು ಬೇರೆ.

ಆ ಕಾವಲು ಬರೀ ಬೆದರಿಕೆ ಆಗಿರಲಿಲ್ಲ. ಅದೇ 2009ರ ಫೆಬ್ರವರಿಯಲ್ಲಿ, ಲಿನಕ್ಸ್ ಬಳಸಿ ಕಾರಿಗೆ ದಾರಿ ತೋರಿಸುವ ಉಪಕರಣ ಮಾಡುತ್ತಿದ್ದ ಟಾಮ್‌ಟಾಮ್ ಮೇಲೆ ಮೈಕ್ರೋಸಾಫ್ಟ್ ದಾವೆ ಹೂಡಿತು. ದಾವೆಯಲ್ಲಿದ್ದ ಪೇಟೆಂಟುಗಳಲ್ಲಿ ಕೆಲವು ಹಳೆಯ ಫ್ಯಾಟಿಗೇ ಸಂಬಂಧಿಸಿದ್ದವು. ಮರು ತಿಂಗಳೇ ಟಾಮ್‌ಟಾಮ್ ಹಣ ಕೊಟ್ಟು ರಾಜಿಯಾಯಿತು. ಹಳೆಯದಕ್ಕೇ ಈ ಗತಿಯಾದರೆ ಹೊಸದನ್ನು ಮುಟ್ಟುವವರು ಯಾರು? ಲಿನಕ್ಸ್ ಕರ್ನೆಲ್ಲಿನೊಳಗೆ ಎಕ್ಸ್‌ಫ್ಯಾಟಿಗೆ ಜಾಗ ಸಿಗಲಿಲ್ಲ. ಲೈಸೆನ್ಸಿಗೆ ಹಣ ಕೊಟ್ಟ ಕಂಪನಿಗಳ ಫೋನು ಕಾರ್ಡನ್ನು ಓದುತ್ತಿತ್ತು, ಉಳಿದವು ಫಾರ್ಮ್ಯಾಟ್ ಮಾಡಿ ಅನ್ನುತ್ತಿದ್ದವು. ಲಿನಕ್ಸಿಗರು ಹೊರಗಿನಿಂದ ಬೇರೆ ಡ್ರೈವರು ಹಾಕಿಕೊಂಡು ಕೆಲಸ ಸಾಗಿಸುತ್ತಿದ್ದರು.

2013ರಲ್ಲಿ ಒಂದು ಬಿರುಕು ಕಾಣಿಸಿತು. ಸ್ಯಾಮ್‌ಸಂಗ್ ತನ್ನ ಉಪಕರಣಗಳಿಗಾಗಿ ಬರೆದಿದ್ದ ಎಕ್ಸ್‌ಫ್ಯಾಟ್ ಡ್ರೈವರಿನ ಕೋಡು ಹೊರಬಿತ್ತು. ಆಮೇಲೆ ಕಂಪನಿ ಅದನ್ನು ಜಿಪಿಎಲ್ ಲೈಸೆನ್ಸಿನಡಿ ತಾನೇ ಬಿಡುಗಡೆ ಮಾಡಿತು. ಆದರೂ ಪೇಟೆಂಟಿನ ಭಯ ಹೋಗಲಿಲ್ಲ. ಅದು ಹೋದದ್ದು 2019ರ ಆಗಸ್ಟ್ 28ರಂದು. ಎಕ್ಸ್‌ಫ್ಯಾಟ್ ಲಿನಕ್ಸಿಗೆ ಸೇರಲು ನಮ್ಮ ಬೆಂಬಲವಿದೆ ಅಂತ ಮೈಕ್ರೋಸಾಫ್ಟೇ ಹೇಳಿ, ಒಳವಿವರವನ್ನೂ ಪ್ರಕಟಿಸಿತು. ಅದೇ ನವೆಂಬರಿನ 5.4 ಕರ್ನೆಲ್ಲಿನಲ್ಲಿ ಸ್ಯಾಮ್‌ಸಂಗಿನ ಹಳೆಯ ಕೋಡು ಪ್ರಯೋಗದ ವಿಭಾಗಕ್ಕೆ ಬಂತು. 2020ರ ಮೇ ತಿಂಗಳ 5.7ರಲ್ಲಿ ಅದರ ಬದಲು ಸ್ಯಾಮ್‌ಸಂಗಿನವರದೇ ಹೊಸ, ಅಚ್ಚುಕಟ್ಟಾದ ಡ್ರೈವರು ಬಂತು. ಹದಿಮೂರು ವರ್ಷದ ಬೀಗ ತೆರೆಯಿತು.

ಹಾಗಂತ ಎಕ್ಸ್‌ಫ್ಯಾಟಿನಲ್ಲಿ ಕೊರತೆ ಇಲ್ಲ ಅಂತಲ್ಲ. ಇದಕ್ಕೆ ಜರ್ನಲ್ ಇಲ್ಲ. ವಿಂಡೋಸಿನ ಎನ್‌ಟಿಎಫ್‌ಎಸ್, ಲಿನಕ್ಸಿನ ಎಕ್ಸ್‌ಟಿ4 ತಮ್ಮ ಲೆಕ್ಕಪತ್ರ ಬದಲಿಸುವ ಮೊದಲು, ಏನು ಬದಲಿಸುತ್ತೇವೆ ಅನ್ನುವುದನ್ನು ಒಂದು ಕಡೆ ಗುರುತು ಹಾಕಿಕೊಳ್ಳುತ್ತವೆ. ನಡುವೆ ಕರೆಂಟು ಹೋದರೂ ಆ ಗುರುತು ನೋಡಿ ಲೆಕ್ಕ ಸರಿಮಾಡಿಕೊಳ್ಳುತ್ತವೆ. ಎಕ್ಸ್‌ಫ್ಯಾಟಿಗೆ ಆ ಅಭ್ಯಾಸವಿಲ್ಲ. ಅದು ಮಾಡುವುದು ಇಷ್ಟೇ: ಬರೆಯುವಾಗ 'ಕೆಲಸ ನಡೆದಿದೆ' ಅಂತ ಒಂದು ಗುರುತು ಏರಿಸುತ್ತದೆ, ಸರಿಯಾಗಿ ಅನ್‌ಮೌಂಟ್ ಮಾಡಿದ ಮೇಲೆ ಇಳಿಸುತ್ತದೆ. ಬರೆಯುತ್ತಿರುವಾಗಲೇ ಡ್ರೈವ್ ಕಿತ್ತರೆ ಗುರುತು ಹಾಗೇ ಉಳಿಯುತ್ತದೆ. ಮುಂದಿನ ಸಲ ಲಿನಕ್ಸಿಗೆ ಚುಚ್ಚಿ `dmesg` ನೋಡಿದರೆ ಹೀಗೊಂದು ಸಾಲು ಸಿಗುತ್ತದೆ:

```
Volume was not properly unmounted. Some data may be corrupt. Please run fsck.
```

ಆಗ ಡ್ರೈವಿಗೆ ಹೊಸದೇನನ್ನೂ ಬರೆಯದೆ, `lsblk` ಕೊಟ್ಟು ಡ್ರೈವಿನ ಹೆಸರು ಖಚಿತ ಮಾಡಿಕೊಳ್ಳಿ. ಅದು `sdb1` ಆಗಿದ್ದರೆ:

```
sudo umount /dev/sdb1
sudo fsck.exfat -r /dev/sdb1
```

ಈ ಆಜ್ಞೆ `exfatprogs` ಎಂಬ ಪ್ಯಾಕೇಜಿನಲ್ಲಿ ಸಿಗುತ್ತದೆ. ಇದು ಲೆಕ್ಕವನ್ನು ಸರಿಪಡಿಸಬಲ್ಲದು. ಆದರೆ ಅರ್ಧ ಬರೆದ ಫೈಲಿನ ಇನ್ನರ್ಧವನ್ನು ಎಲ್ಲಿಂದಲೂ ತರಲಾರದು.

ಆದ್ದರಿಂದ ನನ್ನ ಲೆಕ್ಕ ಹೀಗಿದೆ. ಮೂರೂ ಕಡೆ ಓಡಾಡುವ ಡ್ರೈವಿಗೆ ಎಕ್ಸ್‌ಫ್ಯಾಟ್, ಆದರೆ ಅದರಲ್ಲಿರುವುದು ನಕಲು ಮಾತ್ರ, ಮೂಲ ಪ್ರತಿ ಬೇರೆ ಕಡೆ. ಹಳೆಯ ಟಿವಿಗೋ ಕಾರಿನ ಸ್ಟೀರಿಯೋಗೋ ಹಾಕುವ ಹಾಡಿನ ಪೆನ್ ಡ್ರೈವಿಗೆ ಫ್ಯಾಟ್32, ಯಾಕೆಂದರೆ ಹಾಡು ಯಾವುದೂ 4 ಜಿಬಿ ಮುಟ್ಟುವುದಿಲ್ಲ. ಲಿನಕ್ಸಿನ ಹೋಮ್ ಫೋಲ್ಡರಿನ ಬ್ಯಾಕಪ್ಪಿಗೆ ಎಕ್ಸ್‌ಟಿ4, ಏಕೆಂದರೆ ಯಾವ ಫೈಲು ಯಾರದು, ಯಾರು ಓದಬಹುದು ಅನ್ನುವ ವಿವರವನ್ನು ಎಕ್ಸ್‌ಫ್ಯಾಟ್ ಇಟ್ಟುಕೊಳ್ಳುವುದೇ ಇಲ್ಲ. ಇನ್ನು ಯಾವುದೇ ಡ್ರೈವಾಗಲಿ, ಕೀಳುವ ಮುಂಚೆ ಇಜೆಕ್ಟ್ ಒತ್ತಿ. ಎಕ್ಸ್‌ಫ್ಯಾಟಿಗಂತೂ ಅದೊಂದೇ ರಕ್ಷೆ.