ದೊಡ್ಡರೋಗದ ನೆರಳಲ್ಲಿ ಮರೆಯಾಗಿದ್ದ ಮೇಕೆ ಪಿಡುಗು

1942ರಲ್ಲಿ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ ಆಡು, ಕುರಿಗಳು ಸಾಯತೊಡಗಿದವು. ಬಾಯಲ್ಲಿ ಹುಣ್ಣು, ಮೂಗಲ್ಲಿ ಸಿಂಬಳ, ಹಿಂದೆ ನಾರುವ ಭೇದಿ. ಅಂದಿನ ಯಾವ ಪಶುವೈದ್ಯನಿಗಾದರೂ ಥಟ್ಟನೆ ಹೊಳೆಯುತ್ತಿದ್ದುದು ಒಂದೇ ಹೆಸರು: ರಿಂಡರ್‌ಪೆಸ್ಟ್. ನಮ್ಮ ರೈತರು ದೊಡ್ಡರೋಗ ಎಂದು ಕರೆಯುತ್ತಿದ್ದ, ದನಗಳನ್ನು ಹಟ್ಟಿಗಟ್ಟಲೆ ಬಲಿ ತೆಗೆದುಕೊಂಡ ರೋಗ ಅದು. ಆದರೆ ಗಾರ್ಗಡೆನೆಕ್ ಮತ್ತು ಲಲಾನ್ ಎಂಬ ಇಬ್ಬರು ಫ್ರೆಂಚ್ ಪಶುವೈದ್ಯರು ಒಂದು ವಿಚಿತ್ರವನ್ನು ಗಮನಿಸಿದರು. ಸಾಯುತ್ತಿದ್ದ ಆಡುಗಳ ಮಗ್ಗುಲಲ್ಲೇ ಇದ್ದ ದನಗಳಿಗೆ ಏನೂ ಆಗಿರಲಿಲ್ಲ. ದೊಡ್ಡರೋಗವೇ ಆಗಿದ್ದರೆ ಮೊದಲು ನೆಲ ಹಿಡಿಯಬೇಕಾದದ್ದು ದನಗಳು.

ಆ ರೋಗಕ್ಕೆ ಫ್ರೆಂಚಿನಲ್ಲಿ ‘ಪೆಸ್ತ್ ದೆ ಪೆತಿ ರುಮಿನಾಂ’ ಎಂಬ ಹೆಸರು ಬಂತು. ಮೆಲುಕು ಹಾಕುವ ಸಣ್ಣ ಪ್ರಾಣಿಗಳ ಪಿಡುಗು ಎಂದು ಅದರ ಅರ್ಥ. ಈಗ ನಮ್ಮ ಪಶು ಆಸ್ಪತ್ರೆಗಳಲ್ಲಿ, ಲಸಿಕೆಯ ಶಿಬಿರಗಳಲ್ಲಿ ಕೇಳುವ ‘ಪಿಪಿಆರ್’ ಆ ಹೆಸರಿನ ಮೊದಲಕ್ಷರಗಳು. ಹೆಸರು ಬೇರೆಯಾದರೂ ರೋಗ ಬೇರೆಯೆಂದು ಒಪ್ಪಲು ವಿಜ್ಞಾನಿಗಳಿಗೆ ಬಹಳ ಕಾಲ ಹಿಡಿಯಿತು. ದೊಡ್ಡರೋಗದ ವೈರಸ್ಸೇ ಆಡಿನ ಮೈಗೆ ಒಗ್ಗಿಕೊಂಡು, ದನಕ್ಕೆ ರೋಗ ತರುವ ಕಸುವನ್ನು ಕಳೆದುಕೊಂಡಿದೆ ಎಂಬ ನಂಬಿಕೆ ದಶಕಗಳ ಕಾಲ ಉಳಿಯಿತು. 1979ರ ಹೊತ್ತಿಗೆ ಇದು ದೊಡ್ಡರೋಗ, ದಡಾರ ಮತ್ತು ನಾಯಿಗಳ ಡಿಸ್ಟೆಂಪರ್ ವೈರಸ್‌ಗಳ ಕುಲಕ್ಕೇ ಸೇರಿದ, ಆದರೆ ತನ್ನದೇ ಪ್ರತ್ಯೇಕ ಜಾತಿಯ ವೈರಸ್ ಎಂಬುದು ಖಚಿತವಾಯಿತು.

ಈ ಗೊಂದಲದ ಬೆಲೆಯನ್ನು ಭಾರತವೂ ತೆತ್ತಿದೆ. ಆಡು, ಕುರಿಗಳು ಬಾಯಿಹುಣ್ಣು, ಭೇದಿಯಿಂದ ಸತ್ತರೆ ಅದು ದೊಡ್ಡರೋಗದ ಲೆಕ್ಕಕ್ಕೆ ಸೇರಿಬಿಡುತ್ತಿತ್ತು. 1987ರಲ್ಲಿ ತಮಿಳುನಾಡಿನ ವಿಲ್ಲುಪುರಂ ಸೀಮೆಯ ಅರಸೂರು ಎಂಬ ಹಳ್ಳಿಯ ಕುರಿಗಳಲ್ಲಿ ಇಂಥದೇ ರೋಗ ಕಾಣಿಸಿತು. ಅದು ದೊಡ್ಡರೋಗವಲ್ಲ, ಪಿಪಿಆರ್ ಎಂದು 1989ರಲ್ಲಿ ಪ್ರಕಟಿಸಿದ ತಂಡದ ಮುಂಚೂಣಿಯಲ್ಲಿದ್ದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಸ್. ಶೈಲಾ. ಭಾರತದಲ್ಲಿ ಈ ರೋಗ ಇದೆ ಎಂಬುದಕ್ಕೆ ಸಿಕ್ಕ ಮೊದಲ ಸಾಕ್ಷ್ಯ ಅದು. ಮುಂದಿನ ಕೆಲವು ವರ್ಷ ಇದು ದಕ್ಷಿಣದ ರೋಗ ಎಂದೇ ಎಲ್ಲರೂ ಅಂದುಕೊಂಡಿದ್ದರು. 1994ರಲ್ಲಿ ಉತ್ತರದ ರಾಜ್ಯಗಳಲ್ಲೂ ಪತ್ತೆಯಾಯಿತು. ಅಷ್ಟು ದೂರಕ್ಕೆ ಅದು ಹೊಸದಾಗಿ ಹಾರಿತೋ, ಅಥವಾ ದೊಡ್ಡರೋಗದ ಹೆಸರಿನಡಿ ಮೊದಲೇ ಅಲ್ಲಿತ್ತೋ? ಎರಡನೆಯದೇ ಹೆಚ್ಚು ನಂಬತಕ್ಕದ್ದು. ದೊಡ್ಡರೋಗ ಹಿಮ್ಮೆಟ್ಟುತ್ತ ಹೋದಂತೆ ಅದರ ಹಿಂದೆ ನಿಂತಿದ್ದ ಈ ಇನ್ನೊಂದು ರೋಗ ಕಣ್ಣಿಗೆ ಬಿತ್ತು.

ಕೊಟ್ಟಿಗೆಯಲ್ಲಿ ಅದು ಹೇಗೆ ಕಾಣುತ್ತದೆ? ಸಂತೆಯಲ್ಲಿ ಕೊಂಡ ಒಂದು ಮರಿ ಹಿಂಡಿಗೆ ಸೇರಿತು ಎಂದಿಟ್ಟುಕೊಳ್ಳೋಣ. ವೈರಸ್ ಮೈಹೊಕ್ಕ ಮೂರರಿಂದ ಆರು ದಿನದೊಳಗೆ ಮರಿ ಮೇವು ಬಿಡುತ್ತದೆ, ಕೂದಲು ನಿಮಿರಿಸಿ ಮೂಲೆ ಹಿಡಿದು ನಿಲ್ಲುತ್ತದೆ. ಜ್ವರ 40ರಿಂದ 41 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಮೂಗಿನಿಂದ ಮೊದಲು ನೀರು ಸುರಿಯುತ್ತದೆ. ಬರುಬರುತ್ತ ಅದು ಹಳದಿಯ ಗಟ್ಟಿ ಸಿಂಬಳವಾಗಿ, ಒಣಗಿ ಹೊರಳೆಗಳನ್ನೇ ಮುಚ್ಚುತ್ತದೆ. ಕಣ್ಣಿನ ಪಿಸುರು ರೆಪ್ಪೆಗಳನ್ನು ಅಂಟಿಸಿಬಿಡುತ್ತದೆ.

ಬಾಯಿ ತೆರೆದು ನೋಡಿದರೆ ಗುಟ್ಟು ತಿಳಿಯುತ್ತದೆ. ಮೊದಲ ದಿನ ಒಸಡು ಕೆಂಪಗೆ ಊದಿರುತ್ತದೆ. ಮರುದಿನ ಕೆಳ ಒಸಡಿನಲ್ಲಿ, ಅಂಗುಳದಲ್ಲಿ, ಕೆನ್ನೆಯ ಒಳಮೈಯಲ್ಲಿ, ನಾಲಿಗೆಯ ಮೇಲೆ ಸೂಜಿಮೊನೆಯಷ್ಟು ಬೂದು ಚುಕ್ಕೆಗಳೇಳುತ್ತವೆ. ಚುಕ್ಕೆಗಳು ಒಂದಕ್ಕೊಂದು ಕೂಡಿ, ಮೇಲ್ಪದರ ಸತ್ತು, ರವೆ ಅಂಟಿದಂತೆ ಕಾಣುತ್ತದೆ. ಅನುಭವಿ ವೈದ್ಯರು ಕೈಗವಸು ತೊಟ್ಟು ಒಸಡು, ಅಂಗುಳದ ಮೇಲೆ ಬೆರಳಾಡಿಸುತ್ತಾರೆ. ಬೆರಳಿಗೆ ಅಂಟುವ ಸತ್ತ ಪದರದ ನಾತ ಮೂಗಿಗೆ ಬಡಿದರೆ ಅರ್ಧ ಉತ್ತರ ಸಿಕ್ಕಂತೆ. ಜ್ವರ ಬಂದ ಎರಡು ಮೂರು ದಿನಕ್ಕೆ ಭೇದಿ ಶುರುವಾಗುತ್ತದೆ. ಗುಂಡುಗುಂಡಾದ ಹಿಕ್ಕೆ ಹೋಗಿ ನೀರಿನಂತೆ, ಕೆಲವೊಮ್ಮೆ ರಕ್ತ ಬೆರೆತು ಬರುತ್ತದೆ. ಜೊತೆಗೆ ಕೆಮ್ಮು, ಏದುಸಿರು. ಗಬ್ಬದ ಮೇಕೆಗಳು ಕಂದು ಹಾಕುತ್ತವೆ. ಹಲವು ಮೇಕೆಗಳು ಐದರಿಂದ ಹತ್ತು ದಿನದೊಳಗೆ ಮೈ ತಣ್ಣಗಾಗಿ ಸಾಯುತ್ತವೆ.

ಇದನ್ನು ಬೇರೆ ರೋಗಗಳಿಂದ ಬೇರ್ಪಡಿಸುವುದು ಮುಖ್ಯ. ತಪ್ಪು ಊಹೆಯಲ್ಲಿ ಕಳೆದ ಮೂರು ದಿನ ಇಡೀ ಹಿಂಡಿಗೆ ಮುಳುವಾಗಬಹುದು. ತುಟಿಯ ಮೇಲೆ ಗಡ್ಡೆಯಂಥ ಹಕ್ಕಳೆ ಇದ್ದು ಭೇದಿ ಇಲ್ಲದಿದ್ದರೆ ಅದು ಬಾಯಿಹುಣ್ಣಿನ ಇನ್ನೊಂದು ರೋಗ. ಗೊರಸಿನ ಸಂದಿಯಲ್ಲೂ ಹುಣ್ಣಾಗಿ ಕುಂಟುತ್ತಿದ್ದರೆ ಕಾಲುಬಾಯಿ ಜ್ವರದ ಸಂಶಯ. ಮುಖ ಊದಿ ನಾಲಿಗೆ ನೀಲಿಗಟ್ಟಿದರೆ ನೀಲಿನಾಲಿಗೆ ರೋಗ, ಅದು ಮೇಕೆಗಿಂತ ಕುರಿಗಳಲ್ಲಿ ಜಾಸ್ತಿ. ಬರೀ ಕೆಮ್ಮು, ಉಬ್ಬಸವಿದ್ದು ಬಾಯಿ ಶುಭ್ರವಾಗಿದ್ದರೆ ಶ್ವಾಸಕೋಶದ ಬ್ಯಾಕ್ಟೀರಿಯಾ ಸೋಂಕನ್ನು ನೆನೆಯಬೇಕು. ಸತ್ತ ಮೇಕೆಯನ್ನು ಕೊಯ್ದು ನೋಡಿದಾಗ ದೊಡ್ಡ ಕರುಳಿನ ಒಳಮೈಯ ಮಡಿಕೆಗಳ ಮೇಲೆ ಕೆಂಪು ಪಟ್ಟೆಗಳು ಸಾಲಾಗಿ ಕಾಣುವುದುಂಟು. ಜೀಬ್ರಾ ಪಟ್ಟೆ ಎಂದು ವೈದ್ಯರು ಹೇಳುವುದು ಇದನ್ನೇ. ಆದರೂ ಕೊನೆಯ ಮಾತು ಪ್ರಯೋಗಾಲಯದ್ದು. ಜ್ವರ ಇನ್ನೂ ಇರುವ ಮೇಕೆಯ ಕಣ್ಣು, ಮೂಗಿನ ಸ್ರಾವವನ್ನು ಹತ್ತಿಯಲ್ಲಿ ತೆಗೆದು ಮಂಜುಗಡ್ಡೆಯಲ್ಲಿಟ್ಟು ಕಳಿಸಬೇಕು. ಸಾಯುವ ಹಂತ ಮುಟ್ಟಿದ ಮೇಕೆಯದಕ್ಕಿಂತ ಆಗತಾನೇ ಜ್ವರ ಬಂದದ್ದರ ಮಾದರಿಯಲ್ಲಿ ವೈರಸ್ ಸಿಗುವ ಸಾಧ್ಯತೆ ಹೆಚ್ಚು.

ಒಂದು ಮೇಕೆಗೆ ತಗುಲಿದ ರೋಗ ಹಿಂಡನ್ನೇ ಬರಿದು ಮಾಡುವುದು ಹೇಗೆ ಎಂಬುದಕ್ಕೆ ಉತ್ತರ ವೈರಸ್‌ನ ನಡೆಯಲ್ಲಿದೆ. ಅದು ಮೊದಲು ಹಿಡಿಯುವುದು ಮೈಯನ್ನು ಕಾಯುವ ಬಿಳಿ ರಕ್ತಕಣಗಳನ್ನೇ. ಉಸಿರಾಟದ ದಾರಿಯಲ್ಲಿ ಒಳಬಂದು, ದುಗ್ಧರಸ ಗ್ರಂಥಿಗಳಲ್ಲಿ ಬೆಳೆದು, ರಕ್ತದ ಜೊತೆ ಮೈಯೆಲ್ಲ ಹರಡಿ, ಆಮೇಲೆ ಬಾಯಿ, ಕರುಳು, ಶ್ವಾಸನಾಳಗಳ ಒಳಪದರಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಮೇಕೆಯ ರೋಗ ನಿರೋಧಕ ಶಕ್ತಿ ಕುಸಿದಿರುತ್ತದೆ. ಆರೋಗ್ಯವಾಗಿದ್ದಾಗ ಮೂಗು, ಗಂಟಲಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಾಗಳು ಶ್ವಾಸಕೋಶಕ್ಕೆ ಇಳಿಯುತ್ತವೆ. ಹೊಟ್ಟೆಯ ಜಂತುಗಳು ಹೆಚ್ಚುತ್ತವೆ. ಹೀಗಾಗಿ ಹಲವು ಮೇಕೆಗಳು ಸಾಯುವುದು ನೇರವಾಗಿ ವೈರಸ್‌ನಿಂದಲ್ಲ, ಅದು ತೆರೆದ ಬಾಗಿಲಿನಿಂದ ನುಗ್ಗಿದ ನ್ಯುಮೋನಿಯಾದಿಂದ. ವೈರಸ್‌ಗೆ ಔಷಧಿಯಿಲ್ಲದಿದ್ದರೂ ವೈದ್ಯರು ಆ್ಯಂಟಿಬಯಾಟಿಕ್ ಕೊಡುವುದು, ನೀರು, ಉಪ್ಪಿನಂಶ ತುಂಬುವುದು ಇದೇ ಕಾರಣಕ್ಕೆ.

ಇನ್ನೊಂದು ಸಂಗತಿ ಕಾಲದ್ದು. ಹುಣ್ಣು, ಭೇದಿ ಕಾಣಿಸುವ ಮೊದಲೇ ಮೇಕೆ ಕೆಮ್ಮು, ಸೀನು, ಎಂಜಲಿನಲ್ಲಿ ವೈರಸ್ ಹೊರಹಾಕಲು ಶುರುಮಾಡಿರುತ್ತದೆ. ರಾತ್ರಿ ರೊಪ್ಪದಲ್ಲಿ ಮೇಕೆಗಳು ಮೈಗೆ ಮೈ ತಾಗಿಸಿ ಮಲಗುತ್ತವೆ, ಒಂದರ ಉಸಿರು ಇನ್ನೊಂದರ ಮೂಗಿಗೆ. ಯಜಮಾನ ರೋಗಿಯನ್ನು ಗುರುತಿಸಿ ಬೇರೆ ಕಟ್ಟುವ ಹೊತ್ತಿಗೆ ಅಕ್ಕಪಕ್ಕದ ಹತ್ತಾರಕ್ಕೆ ಅಂಟಿ ಆಗಿರುತ್ತದೆ. ಹಿಂದೆಂದೂ ಈ ರೋಗ ಕಾಣದ, ಲಸಿಕೆಯಿಲ್ಲದ ಹಿಂಡಿನಲ್ಲಿ ಬಹುಪಾಲು ಎಲ್ಲವೂ ಕಾಯಿಲೆ ಬೀಳಬಹುದು. ಸಾವು ಕೆಲವೆಡೆ ನೂರಕ್ಕೆ ಇಪ್ಪತ್ತು, ಕೆಲವೆಡೆ ತೊಂಬತ್ತು. ಅದರಲ್ಲೂ ಮರಿಗಳೇ ಮೊದಲು ಹೋಗುತ್ತವೆ. ಇದರ ಜೊತೆ ಗಾಬರಿಯೂ ಸೇರುತ್ತದೆ. ಎರಡು ಸತ್ತಿದ್ದೇ ತಡ, ಉಳಿದವನ್ನು ಸಿಕ್ಕ ಬೆಲೆಗೆ ಮಾರಿ ಕೈತೊಳೆದುಕೊಳ್ಳೋಣ ಎನಿಸುವುದು ಸಹಜ. ಮನೆಯ ಕಷ್ಟ ಅಂಥದ್ದು. ಆದರೆ ನೋಡಲು ಚೆನ್ನಾಗಿರುವ, ಒಳಗೆ ವೈರಸ್ ಹೊತ್ತ ಆ ಮೇಕೆಯೇ ಮುಂದಿನ ಸಂತೆಯ ಮೂಲಕ ಇನ್ನೊಂದು ಊರಿನ ರೊಪ್ಪ ಸೇರುತ್ತದೆ.

ಈ ಕ್ರೂರ ವೈರಸ್‌ಗೆ ದೌರ್ಬಲ್ಯಗಳೂ ಇವೆ. ಬಿಸಿಲು, ಶಾಖಕ್ಕೆ ಅದು ಬೇಗ ಸಾಯುತ್ತದೆ. ಗುಣವಾದ ಮೇಕೆ ವೈರಸ್ಸನ್ನು ಬಹುಕಾಲ ಹೊತ್ತು ತಿರುಗುವುದಿಲ್ಲ, ಮತ್ತೆ ಅದೇ ರೋಗಕ್ಕೆ ಬೀಳುವುದೂ ಇಲ್ಲ. ಹೊಸ ಹೊಸ ಮೇಕೆಗಳು ಎಡೆಬಿಡದೆ ಸಿಗುತ್ತಿದ್ದರೆ ಮಾತ್ರ ಅದಕ್ಕೆ ಉಳಿಗಾಲ. ದೊಡ್ಡರೋಗವೂ ಹೀಗೆಯೇ ಇತ್ತು, 2011ರಲ್ಲಿ ಅದು ಭೂಮಿಯಿಂದಲೇ ಅಳಿಯಿತೆಂದು ಘೋಷಣೆಯಾಯಿತು. ಇದನ್ನೂ ಹಾಗೆಯೇ ಅಳಿಸುವ ಆಸೆಯಿಂದ ಪಿಪಿಆರ್ ನಿರ್ಮೂಲನದ ಜಾಗತಿಕ ಕಾರ್ಯತಂತ್ರಕ್ಕೆ 2015ರಲ್ಲಿ ಚಾಲನೆ ಸಿಕ್ಕಿತು. ಸಭೆ ನಡೆದದ್ದು ಆಬಿಜಾನ್‌ನಲ್ಲಿ, ರೋಗ ಮೊದಲು ದಾಖಲಾದ ಅದೇ ಐವರಿ ಕೋಸ್ಟ್‌ನಲ್ಲಿ. ಗುರಿ 2030.

ಲಸಿಕೆಯ ಕತೆಯೂ ದೊಡ್ಡರೋಗದ ಜೊತೆ ಹೆಣೆದುಕೊಂಡಿದೆ. ಎರಡೂ ವೈರಸ್ ದಾಯಾದಿಗಳಾದ್ದರಿಂದ ದನಗಳಿಗೆಂದು ಮಾಡಿದ ದೊಡ್ಡರೋಗದ ಲಸಿಕೆ ಆಡುಗಳನ್ನೂ ಪಿಪಿಆರ್‌ನಿಂದ ಕಾಯುತ್ತಿತ್ತು. ಅನೇಕ ದೇಶಗಳು ಅದನ್ನೇ ಚುಚ್ಚಿದವು. ಆದರೆ ದೊಡ್ಡರೋಗ ನಿರ್ಮೂಲನ ಕೊನೆಯ ಹಂತಕ್ಕೆ ಬಂದಾಗ ಇದೇ ತೊಡಕಾಯಿತು. ಒಂದು ಆಡಿನ ರಕ್ತದಲ್ಲಿ ದೊಡ್ಡರೋಗದ ವಿರುದ್ಧದ ಪ್ರತಿಕಾಯ ಸಿಕ್ಕರೆ, ಅದು ಲಸಿಕೆಯದೋ ನಿಜವಾದ ಸೋಂಕಿನದೋ ಎಂದು ಹೇಳುವುದು ಹೇಗೆ? ಹಾಗಾಗಿ ಅದನ್ನು ಕೈಬಿಡಬೇಕಾಯಿತು, ಆಡಿನ ರೋಗಕ್ಕೆ ಆಡಿನದೇ ಲಸಿಕೆ ಬೇಕಾಯಿತು. 1975ರಲ್ಲಿ ನೈಜೀರಿಯಾದಲ್ಲಿ ಸಿಕ್ಕ ವೈರಸ್‌ನಿಂದ ಒಂದು ಲಸಿಕೆ ಸಿದ್ಧವಾಯಿತು. ಭಾರತದಲ್ಲಿ ಮುಕ್ತೇಶ್ವರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1996ರಲ್ಲಿ ಹಿಮಾಚಲ ಪ್ರದೇಶದ ಸುಂಗ್ರಿಯಲ್ಲಿ ಮೇಕೆಯಿಂದ ಪಡೆದ ವೈರಸ್ಸನ್ನು ಪ್ರಯೋಗಾಲಯದ ಜೀವಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಪಳಗಿಸಿದರು. ಇಂದು ದೇಶದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಈ ಸುಂಗ್ರಿ ತಳಿಯ ಲಸಿಕೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಜ್ಯದ ಸಂಸ್ಥೆಯೂ ಪಿಪಿಆರ್ ಲಸಿಕೆ ತಯಾರಿಸುತ್ತದೆ.

ಲಸಿಕೆ ಒಳ್ಳೆಯದು. ಚರ್ಮದಡಿಗೆ 1 ಮಿಲಿ ಕೊಟ್ಟರೆ ಕನಿಷ್ಠ ಮೂರು ವರ್ಷ ರಕ್ಷಣೆ. ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳು ಮರಿಯ ಮೈಯಲ್ಲಿರುವವರೆಗೆ ಲಸಿಕೆ ಹತ್ತುವುದಿಲ್ಲ, ಆದ್ದರಿಂದ ಮರಿಗೆ ಮೂರರಿಂದ ನಾಲ್ಕು ತಿಂಗಳಾದ ಮೇಲೆಯೇ ಹಾಕುವುದು. ಆದರೂ ಹಾಕಿದ ಊರಲ್ಲೇ ರೋಗ ಬಂತೆಂಬ ದೂರು ಕೇಳಿಬರುತ್ತದೆ. ಒಂದು ಸಣ್ಣ ಲೆಕ್ಕ ಹಾಕಿದರೆ ಕಾರಣ ಕಾಣುತ್ತದೆ. 60 ಮೇಕೆಗಳ ಹಿಂಡಿನಲ್ಲಿ 48ಕ್ಕೆ ಲಸಿಕೆ ಬಿತ್ತು ಎನ್ನೋಣ, ಅಂದರೆ ನೂರಕ್ಕೆ ಎಂಬತ್ತು. ಮುಂದಿನ ಒಂದು ವರ್ಷದಲ್ಲಿ ಲಸಿಕೆಯಾದ 16 ಮಾರಾಟವಾದವು, ಲಸಿಕೆಯಾಗದ 4 ಕೂಡ ಹೋದವು, 25 ಮರಿಗಳು ಹುಟ್ಟಿ ಬೆಳೆದವು. ಈಗ 65ರಲ್ಲಿ ರಕ್ಷಣೆಯಿರುವುದು 32ಕ್ಕೆ ಮಾತ್ರ, ಅರ್ಧಕ್ಕೂ ಕಡಿಮೆ. ಲಸಿಕೆ ಕೆಟ್ಟಿಲ್ಲ, ಹಿಂಡೇ ಬದಲಾಗಿಹೋಗಿದೆ. ಮರಿ ಹಾಕುವ ಕಾಲ ನೋಡಿಕೊಂಡು ಪ್ರತಿ ವರ್ಷ ಹೊಸ ಮರಿಗಳಿಗೆ ಹಾಕದಿದ್ದರೆ ಒಮ್ಮೆಯ ದೊಡ್ಡ ಶಿಬಿರ ಒಂದು ವರ್ಷದಲ್ಲೇ ಕರಗುತ್ತದೆ.

ಎರಡನೆಯ ತೊಡಕು ಶಾಖ. ಪುಡಿಯಾಗಿ ಬರುವ ಲಸಿಕೆಗೆ ದ್ರಾವಣ ಬೆರೆಸಿದ ಮೇಲೆ ಬಿಸಿಲಿನಲ್ಲಿ ಅದರ ಆಯುಷ್ಯ ಗಂಟೆಗಳ ಲೆಕ್ಕ. ಎರಡು ಗಂಟೆಯೊಳಗೆ ಬಳಸಿ ಮುಗಿಸುವುದು ವಾಡಿಕೆ. ಸೀಸೆ ಒಂದಕ್ಕೆ ನೂರು ಡೋಸ್ ಇದ್ದು, ಬಂದ ಮೇಕೆ ನಲವತ್ತೇ ಆದರೆ ಉಳಿದದ್ದನ್ನು ಮಂಜುಗಡ್ಡೆಯಲ್ಲಿಟ್ಟು ಸಂಜೆ ಇನ್ನೊಂದು ಕೇರಿಗೆ ಒಯ್ಯುವ ಆಸೆ ಬರುತ್ತದೆ. ಒಯ್ದದ್ದರಲ್ಲಿ ಕಸುವು ಉಳಿದಿದೆ ಎಂಬ ಭರವಸೆ ಇರುವುದಿಲ್ಲ. ಸಿರಿಂಜನ್ನು ಸ್ಪಿರಿಟಿನಲ್ಲಿ ತೊಳೆದರೂ ಅಷ್ಟೇ, ಜೀವಂತ ವೈರಸ್‌ನ ಲಸಿಕೆಗೆ ಸ್ಪಿರಿಟ್ ವಿಷ. ರೋಗ ಆಗಲೇ ಹೊಕ್ಕ ಹಿಂಡಿಗೆ ಚುಚ್ಚಿದರೆ ಒಳಗೆ ವೈರಸ್ ಕುದಿಯುತ್ತಿರುವ ಮೇಕೆಗಳನ್ನು ಲಸಿಕೆ ಉಳಿಸಲಾರದು, ಯಾಕೆಂದರೆ ರಕ್ಷಣೆ ಹುಟ್ಟಲು ಒಂದೆರಡು ವಾರ ಬೇಕು. ಒಂದೇ ಸೂಜಿ ಎಲ್ಲಕ್ಕೂ ಬಳಸಿದರೆ ಸೋಂಕನ್ನು ನಾವೇ ದಾಟಿಸಿದಂತಾಗುತ್ತದೆ. ಅಂಥ ಊರಲ್ಲಿ ಮೊದಲು ಚುಚ್ಚಬೇಕಾದದ್ದು ಸುತ್ತಲಿನ, ಇನ್ನೂ ರೋಗ ತಲುಪದ ಹಿಂಡುಗಳಿಗೆ.

ಕರ್ನಾಟಕದಲ್ಲಿ ಲಸಿಕೆಯ ತೊಡಕಿಗೆ ಇನ್ನೊಂದು ಮುಖವಿದೆ. ಬೆಳಗಾವಿ, ಬಾಗಲಕೋಟೆ ಕಡೆಯ ಕುರಿಗಾಹಿಗಳು ಮೇವು ಹುಡುಕಿ ತಿಂಗಳುಗಟ್ಟಲೆ ಹೊರ ಜಿಲ್ಲೆಗಳಲ್ಲಿ ತಿರುಗುತ್ತಾರೆ, ಕುರಿಗಳ ಜೊತೆ ಮೇಕೆಗಳೂ ಇರುತ್ತವೆ. ಲಸಿಕೆಯ ತಂಡ ಅವರ ಊರಿಗೆ ಹೋದಾಗ ಹಿಂಡು ನೂರಾರು ಕಿಲೋಮೀಟರ್ ಆಚೆ ಯಾರದೋ ಹೊಲದಲ್ಲಿ ಮಂದೆ ಹಾಕಿರುತ್ತದೆ. ಊರಲ್ಲೇ ಇರುವ ಮೇಕೆಗಳ ವಿಷಯದಲ್ಲೂ ಗಡಿಯಾರದ ತಕರಾರಿದೆ. ಬೆಳಿಗ್ಗೆ ಹತ್ತು ಗಂಟೆಗೆ ಕಚೇರಿಯ ಹೊತ್ತಿಗೆ ತಂಡ ಬಂದರೆ ರೊಪ್ಪ ಖಾಲಿ, ಮೇಕೆಗಳು ಗುಡ್ಡ ಹತ್ತಿರುತ್ತವೆ. ಆರು ಗಂಟೆಗೆ, ತಡಿಕೆ ತೆಗೆಯುವ ಮುಂಚೆ ಬಂದರೆ ಒಂದೊಂದನ್ನೇ ಬಾಗಿಲಲ್ಲಿ ಹಿಡಿದು, ಚುಚ್ಚಿ, ಬೆನ್ನಿಗೆ ಬಣ್ಣದ ಗೀಟು ಎಳೆದು ಹೊರಬಿಡಬಹುದು. ಆಗ ಗೀಟಿಲ್ಲದೆ ಒಳಗುಳಿದ ಮೇಕೆ ಎಷ್ಟು ಎಂಬುದೂ ಅಲ್ಲೇ ಗೊತ್ತಾಗುತ್ತದೆ.