ಗುಂಜೋಟಿಯಲ್ಲೊಂದು ಕೋ-ವರ್ಕಿಂಗ್ ಕೇಂದ್ರ: ಎಷ್ಟು ಕುರ್ಚಿ ತುಂಬಿದರೆ ಬಾಡಿಗೆ ಹುಟ್ಟುತ್ತದೆ?

ಉಮರಗಾ, ನಿಲಂಗಾ, ಉದಗೀರ ಭಾಗದ ಕನ್ನಡ ಶಾಲೆಗಳಲ್ಲಿ ಓದಿ ಪುಣೆ, ಹೈದರಾಬಾದ್, ಬೆಂಗಳೂರುಗಳಿಗೆ ದುಡಿಯಲು ಹೋದ ಮಕ್ಕಳಲ್ಲಿ ಕೆಲವರು ಲ್ಯಾಪ್‌ಟಾಪ್ ಹಿಡಿದು ಊರಿಗೆ ಮರಳಿ ಮನೆಯಿಂದಲೇ ಕೆಲಸ ಮಾಡುತ್ತಿದ್ದಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಪಟ್ಟಣದ ‘ಅಭ್ಯಾಸಿಕೆ’ಗಳಲ್ಲಿ ತಿಂಗಳ ಹಣ ಕಟ್ಟಿ ಕುಳಿತುಕೊಳ್ಳುತ್ತಾರೆ. ಇವರಿಬ್ಬರನ್ನೂ ಕಂಡು, ರಸ್ತೆ ಬದಿಯ ಒಂದು ಹಾಲ್ ಬಾಡಿಗೆ ಹಿಡಿದು, ಮೇಜು, ಇಂಟರ್‌ನೆಟ್ ಮತ್ತು ಇನ್ವರ್ಟರ್ ಇಟ್ಟರೆ ವ್ಯಾಪಾರ ನಡೆಯುತ್ತದೆ ಎಂದು ಯೋಚಿಸುವ ಪಾಲಕರಿದ್ದಾರೆ. ಆ ಯೋಚನೆಯನ್ನು ಕಾಗದಕ್ಕೆ ಇಳಿಸುವಾಗ ಎರಡು ಊಹೆಗಳು ಎಲ್ಲವನ್ನೂ ನಿರ್ಧರಿಸುತ್ತವೆ. ಕುರ್ಚಿಗಳು ಎಷ್ಟು ತುಂಬುತ್ತವೆ ಎಂಬುದು ಒಂದು. ಯಾರೂ ಬಾರದಿದ್ದರೂ ತಿಂಗಳಿಗೆ ಎಷ್ಟು ಹಣ ಹೋಗುತ್ತದೆ ಎಂಬುದು ಇನ್ನೊಂದು. ಈ ಲೇಖನದಲ್ಲಿ ನಾವು ಅವೆರಡನ್ನು ಮಾತ್ರ ನೋಡುತ್ತೇವೆ.

ಮೊದಲು ದೊಡ್ಡದೊಂದು ಉದಾಹರಣೆ. 2010ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ವೀವರ್ಕ್ ಕಂಪನಿ ಕಟ್ಟಡಗಳನ್ನು ದೀರ್ಘಾವಧಿಯ ಗುತ್ತಿಗೆಗೆ ಪಡೆದು, ಅವನ್ನು ಸಣ್ಣ ಸಣ್ಣ ಭಾಗ ಮಾಡಿ ತಿಂಗಳ ಲೆಕ್ಕದಲ್ಲಿ ಮರುಬಾಡಿಗೆಗೆ ಕೊಡುತ್ತಿತ್ತು. ಷೇರುಪೇಟೆಗೆ ಬರಲು 2019ರಲ್ಲಿ ಸಲ್ಲಿಸಿದ ದಾಖಲೆಯಲ್ಲಿ ಅದರ ಮುಂದಿನ ಬಾಡಿಗೆಯ ಹೊರೆ ಸುಮಾರು 4,700 ಕೋಟಿ ಡಾಲರ್ ಎಂದಿತ್ತು. ಸದಸ್ಯರು ತಿಂಗಳಲ್ಲಿ ಎದ್ದು ಹೋಗಬಲ್ಲವರು, ಕಂಪನಿಯಾದರೋ ವರ್ಷಗಟ್ಟಲೆ ಕಟ್ಟಬೇಕಾದುದು. 2023ರ ನವೆಂಬರ್ 6ರಂದು ಅದು ಅಮೆರಿಕದಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಅದಕ್ಕೆ ಕೆಲವು ತಿಂಗಳ ಮೊದಲಿನ ತ್ರೈಮಾಸಿಕ ವರದಿಯಲ್ಲಿ ಅದರ ಭರ್ತಿ ಪ್ರಮಾಣ ಸುಮಾರು ಶೇ. 72 ಇತ್ತು. ನೂರಕ್ಕೆ ಎಪ್ಪತ್ತೆರಡು ಕುರ್ಚಿ ತುಂಬಿದ್ದರೂ ಕಂಪನಿ ಮುಳುಗಿತು. ‘ಮುಕ್ಕಾಲು ತುಂಬಿದರೆ ಸಾಕು’ ಎಂಬ ಮಾತಿಗೆ ಸ್ಥಿರ ವೆಚ್ಚ ಎಷ್ಟೆಂದು ತಿಳಿಯುವ ತನಕ ಅರ್ಥವೇ ಇಲ್ಲ.

ಈಗ ಗುಂಜೋಟಿಗೆ ಬರೋಣ. ಲೆಕ್ಕಕ್ಕಾಗಿ ಒಂದು ಯೋಜನೆಯನ್ನು ನಾವೇ ಕಲ್ಪಿಸಿಕೊಂಡಿದ್ದೇವೆ. ಇಲ್ಲಿನ ಅಂಕಿಗಳು ಉದಾಹರಣೆಗೆ ಮಾತ್ರ. ಓದುಗರು ತಮ್ಮೂರಿನ ದರ ಹಾಕಿಕೊಂಡು ನೋಡಬೇಕು. ಅಂಗಡಿಯ ಮೇಲಿನ ಒಂದು ಹಾಲ್, 24 ಕುರ್ಚಿ, ಕುರ್ಚಿಗೆ ತಿಂಗಳಿಗೆ 1,800 ರೂಪಾಯಿ. ಬಾಡಿಗೆ 11,000, ನೋಡಿಕೊಳ್ಳುವವನ ಸಂಬಳ 10,000, ಎರಡು ಇಂಟರ್‌ನೆಟ್ ಸಂಪರ್ಕಕ್ಕೆ 2,500, ವಿದ್ಯುತ್ತಿನ ಸ್ಥಿರ ಶುಲ್ಕ ಮತ್ತು ದೀಪ-ರೌಟರಿನ ಖರ್ಚು 2,500, ಸ್ವಚ್ಛತೆ ಮತ್ತು ನೀರಿಗೆ 2,000. ಒಟ್ಟು 28,000. ಇದನ್ನು 1,800ರಿಂದ ಭಾಗಿಸಿದರೆ 15.6 ಬರುತ್ತದೆ. ಅಂದರೆ 16 ಕುರ್ಚಿ ತುಂಬಿದರೆ ನಷ್ಟವಿಲ್ಲ; 24ರಲ್ಲಿ 16 ಎಂದರೆ ಶೇ. 67. ಕಾಗದದ ಮೇಲೆ ಯೋಜನೆ ಸೊಗಸಾಗಿದೆ. ಹೆಚ್ಚಿನವರು ಇಲ್ಲಿಗೇ ಲೆಕ್ಕ ನಿಲ್ಲಿಸಿ ಬಡಗಿಯನ್ನು ಕರೆಯುತ್ತಾರೆ.

ಈ ಲೆಕ್ಕದಲ್ಲಿ ಬಿಟ್ಟುಹೋದವು ಮೂರು. ಮೊದಲನೆಯದು ಸಾಮಾನಿನ ಸವಕಳಿ. ಮೇಜು, ಕುರ್ಚಿ, ವೈರಿಂಗ್, ಇನ್ವರ್ಟರ್‌ಗೆಂದು 4,80,000 ಹಾಕಿದ್ದರೆ, ಐದು ವರ್ಷದಲ್ಲಿ ಅದು ಸವೆಯುತ್ತದೆಂದು ತಿಂಗಳಿಗೆ 8,000 ಹಿಡಿಯಬೇಕು. (ಆಮ್ಲದ ಬ್ಯಾಟರಿಗಳು ಐದು ವರ್ಷ ಬಾಳುವುದು ಅಪರೂಪ, ವಿದ್ಯುತ್ ಪದೇ ಪದೇ ಹೋಗುವ ಊರಿನಲ್ಲಿ ಅದಕ್ಕೂ ಬೇಗ ಬದಲಿಸಬೇಕಾದೀತು.) ಎರಡನೆಯದು ಇನ್ನೊಬ್ಬ ಆಳು. ಬೆಳಿಗ್ಗೆ ಎಂಟರಿಂದ ರಾತ್ರಿ ಒಂಬತ್ತರ ತನಕ, ವಾರದ ಏಳು ದಿನ ತೆರೆದಿಡುತ್ತೇವೆಂದು ಬೋರ್ಡು ಹಾಕಿದರೆ ಒಬ್ಬನೇ ಮನುಷ್ಯ ನಿಭಾಯಿಸಲಾರ; ಅರ್ಧ ದಿನದ ಇನ್ನೊಬ್ಬನಿಗೆ 6,000. ಮೂರನೆಯದು, ಬಂದವನು ಕುಳಿತ ಮೇಲೆ ತಗಲುವ ಖರ್ಚು. ಫ್ಯಾನು, ಲ್ಯಾಪ್‌ಟಾಪ್ ಚಾರ್ಜು, ಕುಡಿಯುವ ನೀರು, ಚಹಾ ಸೇರಿ ತಲೆಗೆ 300 ಎನ್ನೋಣ. ಹಾಗಾದರೆ ಒಂದು ಕುರ್ಚಿಯಿಂದ ಸ್ಥಿರ ವೆಚ್ಚಕ್ಕೆ ಸಿಗುವುದು 1,800 ಅಲ್ಲ, 1,500.

ಈಗ ಸ್ಥಿರ ವೆಚ್ಚ 42,000. ಅದನ್ನು 1,500ರಿಂದ ಭಾಗಿಸಿದರೆ 28 ಕುರ್ಚಿ. ಇರುವುದೇ 24! ಹಾಲ್ ಪೂರ್ತಿ ತುಂಬಿದರೂ ಪ್ರತಿ ತಿಂಗಳು ಕೈಯಿಂದ ಹೋಗುತ್ತದೆ. ಭರ್ತಿಯ ಬಗ್ಗೆ ಆಶಾವಾದಿಯಾಗಿದ್ದುದು ಇಲ್ಲಿ ತಪ್ಪಲ್ಲ. ವೆಚ್ಚದ ಸಾಲುಗಳನ್ನು ಬರೆಯದೇ ಬಿಟ್ಟದ್ದು ತಪ್ಪು. ಇದನ್ನು ಮೊದಲೇ ಗುರುತಿಸುವ ದಾರಿ ಸುಲಭ: ನಷ್ಟವಿಲ್ಲದ ಕುರ್ಚಿಗಳ ಸಂಖ್ಯೆಯನ್ನು ಶೇಕಡಾದಲ್ಲಿ ಹೇಳದೆ ಕುರ್ಚಿಗಳಲ್ಲೇ ಹೇಳಿ, ಹಾಲಿನಲ್ಲಿ ನಿಂತು ಎಣಿಸಿ ನೋಡಬೇಕು.

ಎಣಿಸುವಾಗ ಇನ್ನೊಂದು ಸಂಗತಿ ಬೆಳಕಿಗೆ ಬರುತ್ತದೆ. 24ರಲ್ಲಿ ಒಂದು ಕುರ್ಚಿ ನೋಡಿಕೊಳ್ಳುವವನದು. ಪಶ್ಚಿಮದ ಕಿಟಕಿಯ ಬಳಿಯ ಎರಡರಲ್ಲಿ ಮರಾಠವಾಡದ ಏಪ್ರಿಲ್-ಮೇ ಬಿಸಿಲಿಗೆ ಯಾರೂ ಕೂರುವುದಿಲ್ಲ. ಮಾರಬಹುದಾದ ಕುರ್ಚಿ 21. ಭರ್ತಿ ಪ್ರಮಾಣವನ್ನು ಅಳೆಯಬೇಕಾದುದು ಈ 21ರ ಮೇಲೆ. ಹಾಗೆಯೇ ತಿಂಗಳ ಕೊನೆಯ ದಿನ ಎಷ್ಟು ಜನರಿದ್ದರು ಎಂಬುದೂ ಭರ್ತಿಯಲ್ಲ. ಹದಿನೈದು ದಿನಕ್ಕೆ ಬಂದವನು ಅರ್ಧ ಕುರ್ಚಿ, ರಿಯಾಯಿತಿಯಲ್ಲಿ 1,200 ಕೊಟ್ಟ ವಿದ್ಯಾರ್ಥಿ ಮೂರರಲ್ಲಿ ಎರಡು ಪಾಲು ಕುರ್ಚಿ. ತಿಂಗಳಲ್ಲಿ ನಿಜವಾಗಿ ಕೈಸೇರಿದ ಹಣವನ್ನು 1,800ರಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನೇ ‘ತುಂಬಿದ ಕುರ್ಚಿ’ ಎಂದು ಬರೆದಿಡುವುದು ಲೇಸೆಂಬುದು ನಮ್ಮ ಅಭಿಪ್ರಾಯ. ಆಗ ಉದ್ರಿ ಹೇಳಿ ಹೋದವನು ತಾನಾಗಿ ಲೆಕ್ಕದಿಂದ ಹೊರಬೀಳುತ್ತಾನೆ.

ಯೋಜನೆಯನ್ನು ಬಿಡಬೇಕೆ? ತಿದ್ದಿ ನೋಡೋಣ. ಸಮಯವನ್ನು ಒಬ್ಬನೇ ನಿಭಾಯಿಸುವಷ್ಟಕ್ಕೆ ಇಳಿಸಿ, ಹಳೆಯ ಕುರ್ಚಿ ಮೇಜು ಕೊಂಡು ಬಂಡವಾಳವನ್ನು 2,40,000ಕ್ಕೆ ತಂದರೆ ಸವಕಳಿ 4,000 ಆಗುತ್ತದೆ. ಸ್ಥಿರ ವೆಚ್ಚ 32,000. ನಷ್ಟವಿಲ್ಲದ ಅಂಚು 22 ಕುರ್ಚಿ. ಇನ್ನೂ ಒಂದು ಹೆಚ್ಚು.

ಮುಂದಿನ ಹೆಜ್ಜೆ ಬಾಡಿಗೆ. ಮಾಲೀಕರ ಜೊತೆ ವರಮಾನ ಹಂಚಿಕೊಳ್ಳುವ ಒಪ್ಪಂದ ಭಾರತದ ದೊಡ್ಡ ಕಂಪನಿಗಳಲ್ಲೂ ಇದೆ. 2024ರ ಮೇ ತಿಂಗಳಲ್ಲಿ ಷೇರುಪೇಟೆಗೆ ಬಂದ ಆಫಿಸ್ ಕಂಪನಿಯ ಬಹುಪಾಲು ಕೇಂದ್ರಗಳು ಅಂಥ ಪದ್ಧತಿಯಲ್ಲೇ ಬೆಳೆದವು. ನಮ್ಮ ಉದಾಹರಣೆಯಲ್ಲಿ ಮಾಲೀಕರಿಗೆ ವಸೂಲಾದ ಹಣದ ಶೇ. 20, ಆದರೆ ಕನಿಷ್ಠ 4,000 ಎಂದು ಒಪ್ಪಿಸಿದೆವು ಎನ್ನೋಣ. ಹತ್ತೇ ಕುರ್ಚಿ ತುಂಬಿದ ತಿಂಗಳಲ್ಲಿ ಹಳೆಯ ಒಪ್ಪಂದದಲ್ಲಿ 17,000 ನಷ್ಟವಾಗುತ್ತಿತ್ತು, ಹೊಸದರಲ್ಲಿ 10,000. ಆದರೆ ನಷ್ಟವಿಲ್ಲದ ಅಂಚು ಹೆಚ್ಚು ಇಳಿಯುವುದಿಲ್ಲ: ಪ್ರತಿ ಕುರ್ಚಿಯಿಂದ 360 ಮಾಲೀಕರಿಗೆ ಹೋಗುವುದರಿಂದ ಉಳಿಯುವುದು 1,140, ಬಾಡಿಗೆ ಬಿಟ್ಟು ಉಳಿದ ಸ್ಥಿರ ವೆಚ್ಚ 21,000ವನ್ನು ಅದರಿಂದ ಭಾಗಿಸಿದರೆ 19 ಕುರ್ಚಿ. ಪಾಲುಬಾಡಿಗೆ ಕೆಟ್ಟ ತಿಂಗಳುಗಳ ಪೆಟ್ಟನ್ನು ಕಡಿಮೆ ಮಾಡುತ್ತದೆ, ಯೋಜನೆಯನ್ನು ಲಾಭಕ್ಕೆ ತರುವುದಿಲ್ಲ. ಈ ಎರಡನ್ನು ಬೆರೆಸಬಾರದು.

ಅಂಚನ್ನು ನಿಜವಾಗಿ ಇಳಿಸುವುದು ಸಂಬಳದ ಸಾಲು. ಪಕ್ಕದಲ್ಲೇ ಝೆರಾಕ್ಸ್ ಅಂಗಡಿಯೋ ಕಂಪ್ಯೂಟರ್ ತರಗತಿಯೋ ಇದ್ದು, ಅಲ್ಲಿ ಕೂರುವವನೇ ಇಲ್ಲಿಯೂ ನೋಡಿಕೊಂಡು ಸಂಬಳ ಅರ್ಧರ್ಧ ಹಂಚಿದರೆ, ನಮ್ಮ ಪಾಲು 5,000. ಆಗ 16,000ವನ್ನು 1,140ರಿಂದ ಭಾಗಿಸಿದರೆ 15 ಕುರ್ಚಿ. 21ರಲ್ಲಿ 15, ಅಂದರೆ ಶೇ. 71. ಸಣ್ಣ ಊರಿನಲ್ಲಿ ಇಂಥ ಕೇಂದ್ರ ಸ್ವತಂತ್ರ ವ್ಯಾಪಾರವಾಗಿ ನಿಲ್ಲುವುದಕ್ಕಿಂತ ಈಗಾಗಲೇ ನಡೆಯುತ್ತಿರುವ ಇನ್ನೊಂದಕ್ಕೆ ಅಂಟಿಕೊಂಡು ನಿಲ್ಲುವುದು ಹೆಚ್ಚು ಸಂಭವನೀಯ ಎಂದು ನಾವು ಹೇಳುವುದು ಈ ಲೆಕ್ಕದಿಂದ.

ಆದರೆ ಹದಿನೈದು ಕುರ್ಚಿ ಮೊದಲ ದಿನವೇ ತುಂಬುವುದಿಲ್ಲ. ಮೊದಲ ತಿಂಗಳು ನಾಲ್ಕು, ಅನಂತರ ತಿಂಗಳಿಗೊಂದು ಹೆಚ್ಚಿದರೆ ಹದಿನೈದಕ್ಕೆ ಮುಟ್ಟುವುದು ಹನ್ನೆರಡನೆಯ ತಿಂಗಳಲ್ಲಿ. ಸವಕಳಿಯನ್ನು ಬದಿಗಿಟ್ಟು ಕೈಯಿಂದ ಹೋಗುವ ನಗದನ್ನಷ್ಟೇ ನೋಡಿದರೆ ಮೊದಲ ತಿಂಗಳು 10,000 ಕೊರತೆ, ಎರಡನೆಯದರಲ್ಲಿ 8,500, ಹೀಗೆ ಇಳಿಯುತ್ತಾ ಏಳನೆಯ ತಿಂಗಳಿಗೆ 1,000. ಎಂಟನೆಯ ತಿಂಗಳಲ್ಲಿ ಮೊದಲ ಬಾರಿಗೆ 500 ಉಳಿಯುತ್ತದೆ. ಏಳು ತಿಂಗಳ ಕೊರತೆ ಕೂಡಿದರೆ 38,500. ಸಾಮಾನು ಮತ್ತು ಠೇವಣಿಗೆ ಹಾಕಿದ್ದಕ್ಕೆ ಹೊರತಾಗಿ ಇಷ್ಟು ಹಣ ಬದಿಗಿರಬೇಕು. ಕುರ್ಚಿ ಎರಡು ತಿಂಗಳಿಗೊಂದರಂತೆ ಹೆಚ್ಚಿದರೆ ಹದಿನಾಲ್ಕು ತಿಂಗಳು ಕೊರತೆ ಎಳೆದು ಮೊತ್ತ 77,000 ಆಗುತ್ತದೆ. ಅನೇಕ ಯೋಜನೆಗಳು ‘ಭರ್ತಿ ಶೇ. 70’ ಎಂದು ಮೊದಲ ತಿಂಗಳಿಂದಲೇ ಒಂದೇ ಅಂಕಿ ಬರೆಯುತ್ತವೆ. ಈ ಹಣ ಆಗ ಎಲ್ಲಿಯೂ ಕಾಣಿಸುವುದಿಲ್ಲ. ಪರೀಕ್ಷೆ ಮುಗಿದ ತಿಂಗಳು ಓದುವವರು ಒಮ್ಮೆಲೇ ಖಾಲಿಯಾಗುವುದನ್ನೂ ಅವು ಬರೆಯುವುದಿಲ್ಲ.

ಭರ್ತಿಯ ಊಹೆ ಎಲ್ಲಿಂದ ಬರಬೇಕು? ‘ಕೇಂದ್ರ ತೆರೆದರೆ ಬರುತ್ತೀರಾ?’ ಎಂದು ಕೇಳಿದರೆ ಸಂಕೋಚಕ್ಕಾದರೂ ಎಲ್ಲರೂ ಹೂಂ ಎನ್ನುತ್ತಾರೆ. ಮೊದಲ ತಿಂಗಳ 1,800ರಲ್ಲಿ 500 ಮುಂಗಡ ಕೊಡಿ, ತೆರೆಯದಿದ್ದರೆ ಮರಳಿಸುತ್ತೇವೆ ಎಂದು ಕೇಳಿ ರಸೀತಿ ಹರಿದಾಗ ಸಿಗುವುದೇ ಅಂಕಿ. ಹಾಗೆಯೇ ಉಮರಗಾದ ಎರಡು ಅಭ್ಯಾಸಿಕೆಗಳಿಗೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಹೋಗಿ ಖಾಲಿ ಕುರ್ಚಿ ಎಣಿಸಿ ಬರಬೇಕು. ಗುಂಜೋಟಿಯಿಂದ ಅಲ್ಲಿಗೆ ಹೋಗಿಬರುವವನು ಇಲ್ಲಿ 1,800 ಏಕೆ ಕೊಡಬೇಕೆಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಗುತ್ತದೆ.

ಒಪ್ಪಂದದ ವಿಷಯವಾಗಿ ಕೊನೆಯದಾಗಿ ಒಂದೆರಡು. ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸನ್ಸ್ ಕರಾರು ಬರಹದಲ್ಲಿದ್ದು ನೋಂದಣಿಯಾಗಬೇಕೆಂದು 1999ರ ಬಾಡಿಗೆ ನಿಯಂತ್ರಣ ಕಾಯ್ದೆ ಹೇಳುತ್ತದೆ. ಹನ್ನೊಂದು ತಿಂಗಳದ್ದಾದರೂ ಇದು ತಪ್ಪದು. ಕರಾರು ಮರಾಠಿಯಲ್ಲಿದ್ದರೆ ಓದಬಲ್ಲವರಿಂದ ಸಾಲು ಸಾಲಾಗಿ ಓದಿಸಿಕೊಳ್ಳಬೇಕು, ಮುಖ್ಯವಾಗಿ ‘ಲಾಕ್-ಇನ್’ ಅವಧಿಯನ್ನು: ಅಷ್ಟು ತಿಂಗಳು ಕೇಂದ್ರ ಮುಚ್ಚಿದರೂ ಬಾಡಿಗೆ ಕಟ್ಟಬೇಕಾಗುತ್ತದೆ. ವಿದ್ಯುತ್ ಸಂಪರ್ಕ ಮನೆಬಳಕೆಯದಾಗಿದ್ದರೆ ಅದನ್ನು ವಾಣಿಜ್ಯ ದರಕ್ಕೆ ಬದಲಿಸಿಕೊಂಡ ಮೇಲಿನ ಬಿಲ್ಲನ್ನೇ ಲೆಕ್ಕದಲ್ಲಿ ಹಿಡಿಯಬೇಕು. ಇಷ್ಟು ಸಣ್ಣ ಕೇಂದ್ರದ ವರ್ಷದ ವಹಿವಾಟು, ಬೇರೆ ವ್ಯಾಪಾರವಿಲ್ಲದಿದ್ದರೆ, ಸೇವೆಗಳಿಗಿರುವ 20 ಲಕ್ಷದ ಜಿಎಸ್‌ಟಿ ಮಿತಿಯ ಕೆಳಗೇ ಉಳಿಯುತ್ತದೆ. ಝೆರಾಕ್ಸ್ ಅಂಗಡಿಯೂ ಅದೇ ಮನುಷ್ಯನ ಹೆಸರಿನಲ್ಲಿದ್ದರೆ ಮಾತ್ರ ಎರಡರ ವಹಿವಾಟನ್ನೂ ಕೂಡಿ ನೋಡಬೇಕಾಗುತ್ತದೆ.