ವಿಜಯದಶಮಿಯಂದೇ ಹುಟ್ಟುಹಬ್ಬ: ಬನ್ನಿಗೂ ಶುಭಾಶಯಕ್ಕೂ ಪ್ರತ್ಯೇಕ ಸ್ಥಾನ

ವಿಜಯಪುರ ನಗರದಲ್ಲಿಯೂ ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳಲ್ಲಿಯೂ ವಿಜಯದಶಮಿಯ ಸಂಜೆ ಬನ್ನಿ ವಿನಿಮಯ ಮಾಡಿಕೊಳ್ಳುವುದು ವಾಡಿಕೆ. ಬನ್ನಿಗಿಡದ ಪೂಜೆ ಮುಗಿದ ಮೇಲೆ ಎಲೆಗಳನ್ನು ಕೈಯಲ್ಲಿ ಹಿಡಿದು ಮನೆಮನೆಗೆ ಹೋಗಿ, 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಎನ್ನುತ್ತಾರೆ. ಅದೇ ದಿನ ಆ ಮನೆಯ ಮಗಳೋ ಹಿರಿಯರೋ ಹುಟ್ಟಿದ್ದರೆ, ಅವರ ಕೈಗೂ ಎಲ್ಲರಿಗೂ ಸಿಕ್ಕ ಬನ್ನಿಯೇ ಬರುತ್ತದೆ. ಹುಟ್ಟಿದ ದಿನದ ಮಾತು ಗದ್ದಲದಲ್ಲಿ ಉಳಿದುಹೋಗುತ್ತದೆ.

ಇದಕ್ಕೆ ಕಾರಣ ಎರಡು ಶುಭಾಶಯಗಳ ಸ್ವಭಾವದಲ್ಲಿಯೇ ಇದೆ. ಬನ್ನಿಯ ಮಾತು 'ಇರೋಣ' ಎಂದು ಮುಗಿಯುತ್ತದೆ. ಕೊಡುವವರೂ ಪಡೆಯುವವರೂ ಅದರಲ್ಲಿ ಸಮಾನವಾಗಿ ಸೇರಿದ್ದಾರೆ. ಹುಟ್ಟುಹಬ್ಬದ ಮಾತಾದರೋ ಒಬ್ಬರಿಗಷ್ಟೇ ಸಲ್ಲತಕ್ಕದ್ದು. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿದರೆ ವ್ಯಕ್ತಿಗೆ ಸಲ್ಲಬೇಕಾದದ್ದು ಸಮೂಹದ ಮಾತಿನಲ್ಲಿ ಕರಗುತ್ತದೆ. ಆದುದರಿಂದ ಎರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ಹೇಳುವುದೇ ಸುಲಭವಾದ ದಾರಿ.

ಯಾವ ವರ್ಷ ಕೂಡಿಬರುತ್ತದೆ?

ವಿಜಯದಶಮಿ ಆಶ್ವಯುಜ ಶುದ್ಧ ದಶಮಿಯಂದು ಬರುವುದರಿಂದ ಅದರ ತಾರೀಖು ಪ್ರತಿವರ್ಷ ಬದಲಾಗುತ್ತದೆ. 2005ರಲ್ಲಿ ಅದು ಅಕ್ಟೋಬರ್ 12ರಂದು ಬಂದಿತ್ತು. 2006ರಲ್ಲಿ ಅಕ್ಟೋಬರ್ 2ಕ್ಕೆ ಸರಿಯಿತು. 19 ಸೌರವರ್ಷಗಳಲ್ಲಿ ಹೆಚ್ಚುಕಡಿಮೆ 235 ಚಾಂದ್ರಮಾಸಗಳು ಸರಿಯಾಗಿ ಮುಗಿಯುವುದರಿಂದ, ತಿಥಿ ಮತ್ತು ತಾರೀಖು ಸುಮಾರು 19 ವರ್ಷಕ್ಕೊಮ್ಮೆ ಮತ್ತೆ ಕೂಡುತ್ತವೆ. ಒಂದು ದಿನದ ಹಿಂದುಮುಂದು ಆಗುವುದುಂಟು. ಅದರಂತೆ 2024ರ ವಿಜಯದಶಮಿಯೂ ಅಕ್ಟೋಬರ್ 12ರಂದೇ ಬಂದಿತು. 2005ರ ಹಬ್ಬದ ದಿನ ಜನಿಸಿದ ಮಗುವಿಗೆ 19 ತುಂಬಿದ ದಿನವೇ ಮತ್ತೆ ಬನ್ನಿ ಹಬ್ಬ.

ಆದರೆ ಹುಟ್ಟಿದ ದಿನವನ್ನು ತಿಥಿಯಂತೆ ಆಚರಿಸುವ ಮನೆಯಲ್ಲಿ ಎರಡೂ ಪ್ರತಿವರ್ಷ ಒಂದಾಗಿಯೇ ಬರುತ್ತವೆ. ಆದ್ದರಿಂದ ಮನೆಯವರು ಯಾವುದನ್ನು ಲೆಕ್ಕಕ್ಕೆ ಹಿಡಿಯುತ್ತಾರೆಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ತಾರೀಖಿನ ಲೆಕ್ಕದವರಿಗೆ ಇದು ಅಪರೂಪದ ಯೋಗ. ತಿಥಿಯ ಲೆಕ್ಕದವರಿಗೆ ಇದು ಬಾಲ್ಯದಿಂದಲೂ ಇರುವ ಹಂಚಿಕೆ. ಎರಡನೆಯವರಿಗೆ ಪ್ರತ್ಯೇಕ ಶುಭಾಶಯದ ಅಗತ್ಯ ಹೆಚ್ಚು.

ಹೇಳುವ ಕ್ರಮ

ಮುಂಜಾನೆಯ ಹೊತ್ತು ಹುಟ್ಟುಹಬ್ಬಕ್ಕೆ ಸೇರಿದ್ದು. ಪೂಜೆಯ ಕೆಲಸ ಆರಂಭವಾಗುವ ಮೊದಲು, ಹಬ್ಬದ ಹೆಸರೆತ್ತದೆ ಹೇಳುವುದು ಉತ್ತಮ. ಕಿರಿಯವಳಾದರೆ, 'ತಂಗೀ, ಇವತ್ತ ನಿನ್ನ ಹುಟ್ಟಿದ ದಿನ, ನೂರು ವರ್ಷ ಆರಾಮ ಇರವ್ವ' ಎಂದರೆ ಸಾಕು. ಹಿರಿಯರಿಗೆ ಕಿರಿಯರು ಹರಸುವ ಪದ್ಧತಿಯಿಲ್ಲ. ಕಾಲಿಗೆ ನಮಸ್ಕರಿಸಿ, 'ಕಾಕಾ, ಇವತ್ತ ನಿಮ್ಮ ಹುಟ್ಟಿದ ದಿನ, ನಿಮ್ಮ ಆಶೀರ್ವಾದ ಇರಲಿ ರೀ' ಎಂದು ಬೇಡಿಕೊಳ್ಳುವುದೇ ಅಲ್ಲಿ ಶುಭಾಶಯ. ಮನೆಯ ಹೆಣ್ಣುಮಕ್ಕಳು ಆರತಿ ಬೆಳಗುವುದಿದ್ದರೂ ಈ ಹೊತ್ತಿಗೇ ಮುಗಿಸಬಹುದು.

ಸಂಜೆ ಹಬ್ಬಕ್ಕೆ ಸೇರಿದ್ದು. ಆಗ ಹುಟ್ಟುಹಬ್ಬದವರೂ ಎಲ್ಲರಂತೆ ಬನ್ನಿ ಕೊಟ್ಟು ಪಡೆಯಲಿ. ಅವರನ್ನು ನಡುವೆ ನಿಲ್ಲಿಸಿ ಕೇಕ್ ಕತ್ತರಿಸಲು ಹೊರಟರೆ, ಬನ್ನಿ ಕೊಡಲು ಬಂದ ನೆರೆಯವರು ಬಾಗಿಲಲ್ಲಿ ಕಾಯುತ್ತ ನಿಲ್ಲಬೇಕಾಗುತ್ತದೆ. ಆಗ ಹಬ್ಬ ಹಿಂದೆ ಬೀಳುತ್ತದೆ. ಸಂಜೆಯೇ ಮೊದಲ ಭೇಟಿಯಾದಲ್ಲಿ, ಹಳ್ಳಿಯಿಂದ ನಗರಕ್ಕೆ ಬಂದ ನೆಂಟರಿಗೆ ಆಗುವಂತೆ, ಮೊದಲು ಬನ್ನಿ ಕೊಟ್ಟು, ಕ್ಷಣ ತಡೆದು, ಹೆಸರು ಹಿಡಿದು ಹುಟ್ಟಿದ ದಿನದ ಮಾತನ್ನು ಬೇರೆಯಾಗಿ ಹೇಳಬೇಕು.

ಮೊಬೈಲ್ ಸಂದೇಶಕ್ಕೂ ಇದೇ ನಿಯಮ. ಎಲ್ಲರಿಗೂ ಕಳುಹಿಸಿದ ಹಬ್ಬದ ಚಿತ್ರದ ಕೆಳಗೆ 'ಹುಟ್ಟುಹಬ್ಬದ ಶುಭಾಶಯವೂ' ಎಂದು ಸೇರಿಸಿದರೆ ಅದು ನೆನಪಿಗಿಂತ ಬಾಕಿ ತೀರಿಸಿದಂತೆ ಕಾಣುತ್ತದೆ. ಉಡುಗೊರೆಯೂ ಹಾಗೆಯೇ. ಹಬ್ಬಕ್ಕೆ ಮನೆಮಂದಿಗೆಲ್ಲ ತಂದ ಬಟ್ಟೆಯನ್ನೇ ಹುಟ್ಟುಹಬ್ಬದ ಕೊಡುಗೆಯೆಂದು ಎಣಿಸಿದರೆ, ಮಕ್ಕಳು ಅದನ್ನು ಬೇಗನೆ ಗುರುತಿಸುತ್ತಾರೆ. ಚಿಕ್ಕದಾದರೂ ಬೇರೆಯದೊಂದು ವಸ್ತು ಇರಲಿ.

ಒಂದನ್ನೇ ಹೇಳಬೇಕಾದಾಗ

ಮನೆಯಲ್ಲಿ ಆ ವರ್ಷ ಸಾವು ಸಂಭವಿಸಿದ್ದರೆ ಅನೇಕರು ಹಬ್ಬ ಆಚರಿಸುವುದಿಲ್ಲ. ಅಂಥ ಮನೆಗೆ ಬನ್ನಿ ಒಯ್ಯುವ ಮುನ್ನ ವಿಚಾರಿಸಬೇಕು. ಹುಟ್ಟಿದ ದಿನದ ಮಾತನ್ನು ಮಾತ್ರ ಮೆಲುದನಿಯಲ್ಲಿ ಹೇಳಿ ಬರಬಹುದು. ಹಾಗೆಯೇ ವಿಜಯದಶಮಿಯನ್ನು ಆಚರಿಸದ ಸ್ನೇಹಿತರಿಗೆ ಆ ದಿನ ಕೇವಲ ಹುಟ್ಟುಹಬ್ಬವೇ. ಅವರ ಹಬ್ಬ ರಂಜಾನ್ ಆಗಿದ್ದರೆ ಲೆಕ್ಕವೂ ಬೇರೆ: ಅದು ವರ್ಷಕ್ಕೆ 10-11 ದಿನ ಹಿಂದೆ ಸರಿಯುವುದರಿಂದ ಹುಟ್ಟಿದ ತಾರೀಖಿಗೆ ಮರಳಲು ಸುಮಾರು 33 ವರ್ಷ ಬೇಕು. ಅಷ್ಟು ವರ್ಷಕ್ಕೊಮ್ಮೆ ಬರುವ ದಿನದಂದು ಎರಡು ಮಾತನ್ನೂ ಬಿಡಿಬಿಡಿಯಾಗಿ ಹೇಳಲು ಅರ್ಧ ನಿಮಿಷ ಸಾಕಾಗುತ್ತದೆ.